ಹದಿನಾರರಲ್ಲಿ ಒಂದರಲ್ಲೂ ಇಲ್ಲ

ಅವಳಿಗೆ ‘ತಕ್ಕಡಿ’ ಎಂದು ಹೆಸರಿಟ್ಟವರು ಎದುರು ಮೇಜಿನ ಮೇಷ್ಟ್ರು. ಒಂದು ದಿನ ತಮಾಷೆಗೆ ಕರೆದದ್ದು ಆಸ್ಪತ್ರೆಗೆಲ್ಲ ಹಬ್ಬಿತು. ಈಗ ಲ್ಯಾಬಿನವರು, ಆಯಾಗಳು, ಗೇಟಿನ ಸೆಕ್ಯೂರಿಟಿಯವನು ಎಲ್ಲರ ಬಾಯಲ್ಲೂ ಅವಳು ತಕ್ಕಡಿ ಮೇಡಂ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಜನ ಬೆನ್ನ ಹಿಂದೆ ಇಡುವ ಹೆಸರುಗಳ ಪೈಕಿ ಇದು ಎಷ್ಟೋ ವಾಸಿ ಎಂದುಕೊಂಡು ಸುಮ್ಮನಾದಳು.

ಭಾಷಾಂತರ ವಿಭಾಗ ಎಂದರೆ ಹೆಸರು ದೊಡ್ಡದು, ಕೋಣೆ ಚಿಕ್ಕದು. ನೆಲಮಹಡಿಯಲ್ಲಿ ಲ್ಯಾಬಿನ ಗೋಡೆಗೆ ಅಂಟಿಕೊಂಡಿದೆ. ಬಾಗಿಲು ತೆಗೆದರೆ ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆಯುತ್ತದೆ, ಕಿಟಕಿ ತೆಗೆದರೆ ಆಂಬುಲೆನ್ಸ್ ಹೊಗೆ. ಎರಡು ಮೇಜು, ಎರಡು ಕಂಪ್ಯೂಟರ್, ಬಂದವರಿಗೆಂದು ಮೂರು ಪ್ಲಾಸ್ಟಿಕ್ ಕುರ್ಚಿ. ಡಾಕ್ಟರುಗಳು ರಿಪೋರ್ಟ್ ಬರೆಯುವುದು ಇಂಗ್ಲಿಷಿನಲ್ಲಿ, ಬರುವ ಜನ ಮಾತಾಡುವುದು ಕನ್ನಡದಲ್ಲಿ. ದೇಹದಿಂದ ತೆಗೆದ ಗಡ್ಡೆಯನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಿ ಪೆಥಾಲಜಿ ಮೇಡಂ ಬರೆಯುವ ವರದಿಯನ್ನು ಕನ್ನಡಕ್ಕೆ ತರುವುದು ಅವಳ ಕೆಲಸ. ಆಮೇಲೆ ಮೇಷ್ಟ್ರ ಸರದಿ. ಅವರು ಮೂಲವನ್ನು ಕಣ್ಣೆತ್ತಿಯೂ ನೋಡದೆ, ಅವಳ ಕನ್ನಡವನ್ನಷ್ಟೇ ಇಟ್ಟುಕೊಂಡು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಪೆಥಾಲಜಿ ಮೇಡಂ ತಮ್ಮ ಇಂಗ್ಲಿಷನ್ನೂ ಮೇಷ್ಟ್ರ ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಎರಡೂ ಒಂದೇ ಕಾಯಿಲೆಯ ಮಾತಾಡುತ್ತಿದ್ದರೆ ಮಾತ್ರ ರೋಗಿಯ ಕೈಗೆ. ಒಂದು ಕೂದಲೆಳೆ ಆಚೀಚೆ ಆದರೂ ವಾಪಸ್ಸು.

ಅವಳದ್ದು ವಾಪಸ್ಸು ಬಂದದ್ದೇ ಇಲ್ಲ.

ಜನ ಮಾತ್ರ ಸುಮ್ಮನಿರಬೇಕಲ್ಲ! ಒಬ್ಬ ಮಗ ಬಂದು, “ಮೇಡಂ, ಕ್ಯಾನ್ಸರ್ ಅನ್ನೋ ಪದ ತೆಗೆದುಬಿಡಿ, ಗಡ್ಡೆ ಅಂತ ಹಾಕಿ, ಅಪ್ಪ ಹೆದರ್ಕೋತಾರೆ” ಎನ್ನುತ್ತಾನೆ. ಅವಳು ತಲೆಯನ್ನೂ ಎತ್ತದೆ, “ಮೊದ್ಲು ನಿಮ್ಮಪ್ಪನ ಹೊಟ್ಟೆಯಿಂದ ತೆಗೆಸ್ರೀ, ಆಮೇಲೆ ಕಾಗದದಿಂದ ತೆಗೀತೀನಿ” ಎನ್ನುತ್ತಾಳೆ. ಇನ್ನೊಬ್ಬಳು ಸೊಸೆ ಬಂದು, “ಮಾವ ಬೀಡಿ ಬಿಡ್ತಾನೇ ಇಲ್ಲ, ಸ್ವಲ್ಪ ಉಪ್ಪು ಖಾರ ಹಚ್ಚಿ ಜೋರಾಗಿ ಬರೀರಿ” ಎನ್ನುತ್ತಾಳೆ. “ಇದು ಅಡುಗೆಮನೆ ಅಲ್ಲಮ್ಮ” ಎಂದು ಅವಳನ್ನೂ ಕಳಿಸುತ್ತಾಳೆ. ‘ಇದೆ’ ಎಂದಿದ್ದರೆ ಇದೆ, ‘ಇರಬಹುದೆಂಬ ಅನುಮಾನ’ ಎಂದಿದ್ದರೆ ಅನುಮಾನ, ‘ಕಂಡುಬಂದಿಲ್ಲ’ ಎಂದಿದ್ದರೆ ಕಂಡುಬಂದಿಲ್ಲ. ‘ಕಂಡುಬಂದಿಲ್ಲ’ ಎನ್ನುವುದನ್ನು ‘ಇಲ್ಲವೇ ಇಲ್ಲ’ ಎಂದು ಬರೆದು ಬೆಣ್ಣೆ ಹಚ್ಚುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ.

ಉರಿಯದೆ ಇನ್ನೇನು? ಅವಳ ಅಕ್ಕ ಸತ್ತದ್ದೇ ಹಾಗೆ.

ಅಕ್ಕನ ಎದೆಯ ಗಡ್ಡೆ ತೆಗೆದಾಗ ಅವಳು ಬೇರೆ ಊರಿನಲ್ಲಿ ಟೈಪಿಸ್ಟ್ ಆಗಿದ್ದಳು. ಅಕ್ಕನಿಗೆ ಇಂಗ್ಲಿಷ್ ಬಾರದು, ಆಗಿನ ಡಾಕ್ಟರಿಗೆ ಕನ್ನಡ ಬಾರದು. ನಡುವೆ ಕೂತವನು ಮಾತಾಡುವಷ್ಟು ಇಂಗ್ಲಿಷ್ ಬರುತ್ತಿದ್ದ ಭಾವ. ಡಾಕ್ಟರು ಭಾವನಿಗೆ ಹೇಳುತ್ತಿದ್ದರು, ಭಾವ ಅಕ್ಕನಿಗೆ ಹೇಳುತ್ತಿದ್ದ. ವರದಿಯಲ್ಲಿ ಗ್ರೇಡ್ ಒಂದು ಎಂದಿತ್ತು. ಅದು ಜೀವಕೋಶಗಳ ರೂಪ ಎಷ್ಟು ಕೆಟ್ಟಿದೆ ಎನ್ನುವ ಲೆಕ್ಕ, ರೋಗ ಎಲ್ಲಿಯವರೆಗೆ ಹೋಗಿದೆ ಎನ್ನುವ ಲೆಕ್ಕವಲ್ಲ. ಭಾವ ಅದನ್ನು “ಒಂದನೇ ಹಂತ, ಶುರು ಅಷ್ಟೆ” ಎಂದು ಹೇಳಿದ. ಅದರ ಕೆಳಗಿನ ಸಾಲು ಹೇಳಲೇ ಇಲ್ಲ. ರೋಗ ಹರಡುವಾಗ ಮೊದಲು ಮುಟ್ಟುವ, ಕಂಕುಳಿನಿಂದ ತೆಗೆದ ಹದಿನಾಲ್ಕು ದುಗ್ಧಗ್ರಂಥಿಗಳಲ್ಲಿ ಐದರಲ್ಲಿ ರೋಗವಿದೆ ಎಂಬ ಸಾಲು ಅದು. ಆ ಐದರಿಂದ ಹಂತ ಮೂರಕ್ಕೆ ಹೋಗಿತ್ತು. ಕೀಮೋ ಬೇಕೇ ಬೇಕು ಎಂದು ಡಾಕ್ಟರು ಹೇಳಿದರು. ಭಾವ ಅಕ್ಕನಿಗೆ, “ಬೇಕಾದ್ರೆ ತಗೋಬಹುದಂತೆ, ನಿಂಗೆ ಬೇಕಾಗಿಲ್ಲ ಬಿಡು” ಎಂದ. ಡಾಕ್ಟರಿಗೆ, “ಅವಳು ಒಪ್ತಾ ಇಲ್ಲ” ಎಂದ. ಇಬ್ಬರ ನಡುವೆ ಕೂತು ಇಬ್ಬರಿಗೂ ಸುಳ್ಳು ಹೇಳಿದ ಪುಣ್ಯಾತ್ಮ!

ರೋಗ ಬೆನ್ನುಮೂಳೆಗೆ ಬಂದ ಮೇಲೆ ಅಕ್ಕ ಆ ಹಳೆಯ ರಿಪೋರ್ಟನ್ನು ತಂಗಿಯ ಕೈಗೆ ಕೊಟ್ಟು, “ಇದರಲ್ಲಿ ಏನಿದೆಯೇ, ಓದೇ ಸ್ವಲ್ಪ” ಎಂದಿದ್ದಳು. ಇವಳು ನಿಘಂಟು ಇಟ್ಟುಕೊಂಡು ಒಂದೊಂದೇ ಪದ ಓದಿ ಹೇಳಿದಳು. ಅಕ್ಕ ಅಳಲಿಲ್ಲ, ಗೋಡೆ ಕಡೆ ತಿರುಗಿಕೊಂಡು, “ನನಗೆ ಹೇಳಬಹುದಿತ್ತಲ್ಲೇ” ಎಂದಳು ಅಷ್ಟೆ. ಆ ಮಾತು ಇವಳ ಎದೆಯಲ್ಲಿ ಮುಳ್ಳಿನಂತೆ ನಾಟಿಕೊಂಡಿದೆ. ಅಕ್ಕ ಹೋದ ಮೇಲೆ ಟೈಪಿಂಗ್ ಬಿಟ್ಟಳು, ಹಟ ಹಿಡಿದು ಈ ಕೆಲಸ ಕಲಿತಳು. ಭಾವನಿಗೆ ಮುಖಕ್ಕೆ ಮಂಗಳಾರತಿ ಎತ್ತಬೇಕೆಂದು ಎಷ್ಟು ಸಲ ಹೊರಟಿದ್ದಳೋ. ಅಕ್ಕನ ಮಗಳು ಆಗ ಪುಟ್ಟ ಹುಡುಗಿ, ಆ ಮಗುವಿಗೆ ಉಳಿದವನು ಅಪ್ಪನೊಬ್ಬನೇ. ಅದಕ್ಕೇ ನಾಲಿಗೆ ಬಿಗಿಹಿಡಿದಳು. ಆ ಮನೆಗೆ ಹೋಗಿ ಸುಮ್ಮನೆ ಕೂತು ಬರುವುದು ತನ್ನಿಂದಾಗದು ಎಂದು ಹೋಗುವುದನ್ನೇ ಬಿಟ್ಟಳು.

ಹೀಗಿರುವಾಗ, ವರ್ಷಗಳ ಮೇಲೆ, ಒಂದು ಬೆಳಿಗ್ಗೆ ಭಾವನ ಫೈಲು ಅವಳ ಮೇಜಿಗೇ ಬಂತು.

ಹೆಸರು ನೋಡಿದಳು, ವಯಸ್ಸು ನೋಡಿದಳು. ಬೇರೆ ಯಾರಾದರೂ ಇರಬಹುದು ಎನ್ನೋಣವೆಂದರೆ, ಸಂಬಂಧಿಕರು ಎನ್ನುವ ಕಡೆ ಮಗಳ ಹೆಸರಿತ್ತು. ಆ ಹೆಸರನ್ನು ಆರಿಸಿದ್ದು ಅಕ್ಕ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಅವಳಿಗೆ ಸಂತೋಷವಾಯಿತು. ಹೌದು, ಸಂತೋಷವೇ! ಮುಚ್ಚಿಟ್ಟು ಹೇಳುವುದೇನಿದೆ? ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಗಡ್ಡೆ, ಶಸ್ತ್ರಚಿಕಿತ್ಸೆ ಆಗಿದೆ, ಮುಂದೆ ಕೀಮೋ ಬೇಕೋ ಬೇಡವೋ ಎಂದು ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕು, ಅದಕ್ಕೆ ಮೊದಲು ಅವನ ಕೈಗೆ ಕನ್ನಡದ ವರದಿ ಹೋಗಬೇಕು. ನಡುವೆ ಕೂತವಳು ಈಗ ಇವಳು.

ಸ್ವಂತದವರ ವರದಿ ಮಾಡಬಾರದು ಎನ್ನುವುದು ಆ ಕೋಣೆಯ ನಿಯಮ. ಫೈಲನ್ನು ಎದುರು ಮೇಜಿಗೆ ತಳ್ಳಿ, “ಮೇಷ್ಟ್ರೇ, ಇವರು ನಮ್ಮ ಪೈಕಿ” ಎಂದರೆ ಮುಗಿಯಿತು. ಅವಳು ಹೇಳಲಿಲ್ಲ. ‘ಅವನು ನಮ್ಮ ಪೈಕಿ ಯಾವಾಗಿದ್ದ?’ ಎಂದು ಮನಸ್ಸಿನಲ್ಲೇ ವಾದ ಹೂಡಿ ತಾನೇ ಗೆದ್ದಳು.

ವರದಿ ಓದುತ್ತ ಹೋದಂತೆ ಅವಳ ಸಂತೋಷ ಇಳಿಯಿತು. ಹೇಳಿಕೊಳ್ಳುವಂಥ ಕೆಟ್ಟ ಸುದ್ದಿಯೇ ಇಲ್ಲ! ಕ್ಯಾನ್ಸರ್ ಹೌದು. ಜೀವಕೋಶಗಳು ಸಹಜ ರೂಪವನ್ನು ಮಧ್ಯಮ ಮಟ್ಟದಲ್ಲಿ ಉಳಿಸಿಕೊಂಡಿವೆ. ಗಡ್ಡೆ ಕರುಳಿನ ಗೋಡೆಯ ಸ್ನಾಯು ಪದರವನ್ನು ದಾಟಿ ಸುತ್ತಲಿನ ಕೊಬ್ಬಿನೊಳಗೆ ಬೆಳೆದಿದೆ, ಹೊರಪೊರೆಯನ್ನು ಮುಟ್ಟಿಲ್ಲ. ಕತ್ತರಿಸಿದ ಎರಡೂ ಅಂಚುಗಳು ರೋಗಮುಕ್ತ. ರಕ್ತನಾಳಗಳಲ್ಲಿ ರೋಗ ಕಂಡುಬಂದಿಲ್ಲ. ಹದಿನಾರು ದುಗ್ಧಗ್ರಂಥಿಗಳನ್ನು ಪರೀಕ್ಷಿಸಲಾಗಿದೆ, ಒಂದರಲ್ಲೂ ರೋಗವಿಲ್ಲ. ಗಡ್ಡೆ ಇಳಿದ ಆಳಕ್ಕೆ ಟಿ ಮೂರು, ಗ್ರಂಥಿಗಳಿಗೆ ಎನ್ ಸೊನ್ನೆ. ಬೇರೆ ಅಂಗಗಳಿಗೆ ಹರಡಿದೆಯೇ ಎನ್ನುವುದನ್ನು ಈ ತುಂಡಿನಿಂದ ಹೇಳಲಾಗದು.

ಹದಿನಾರರಲ್ಲಿ ಒಂದರಲ್ಲೂ ಇಲ್ಲ. ಅಕ್ಕನಿಗೆ ಹದಿನಾಲ್ಕರಲ್ಲಿ ಐದು, ಇವನಿಗೆ ಹದಿನಾರರಲ್ಲಿ ಸೊನ್ನೆ. ಆ ಸೊನ್ನೆಯನ್ನೇ ನೋಡುತ್ತ ಕೂತಳು. ಎಂಥಾ ನ್ಯಾಯವಪ್ಪಾ ಇದು! ಮಾಡಿದವನು ಕಾಲ ಮೇಲೆ ಕಾಲು ಹಾಕಿಕೊಂಡು ಬದುಕಬೇಕು, ಏನೂ ಅರಿಯದವಳು ಮಣ್ಣಾಗಬೇಕು. ಸಾಯುವುದು ಬೇಡ, ಒಂದಷ್ಟು ದಿನ ನಿದ್ದೆಗೆಡಲಿ, ಮಗ್ಗುಲು ಬದಲಾಯಿಸುತ್ತ ಬೆವರಲಿ ಎಂದು ಅವಳ ಬೆರಳು ಕೀಲಿಮಣೆಯ ಮೇಲೆ ಓಡತೊಡಗಿತು.

ಸುಳ್ಳು ಬರೆಯುವಷ್ಟು ದಡ್ಡಿಯಲ್ಲ ಅವಳು. ‘ಮಧ್ಯಮ ಮಟ್ಟದಲ್ಲಿ ಸಹಜ ರೂಪ ಉಳಿಸಿಕೊಂಡಿವೆ’ ಎನ್ನುವ ಕಡೆ ‘ಸಹಜ ರೂಪ ಕಳೆದುಕೊಂಡಿವೆ’ ಎಂದು ಬರೆದಳು. ‘ದಾಟಿ ಕೊಬ್ಬಿನೊಳಗೆ ಬೆಳೆದಿದೆ’ ಎನ್ನುವ ಕಡೆ ‘ಕರುಳಿನ ಗೋಡೆಯನ್ನು ಸೀಳಿಕೊಂಡು ಹೊರಬಂದಿದೆ’ ಎಂದಳು. ‘ರಕ್ತನಾಳಗಳಲ್ಲಿ ಕಂಡುಬಂದಿಲ್ಲ’ ಎನ್ನುವುದರ ಮುಂದೆ ‘ಈ ಚೂರುಗಳಲ್ಲಿ ಮಾತ್ರ’ ಎಂದು ಒಂದು ಬಾಲ ಅಂಟಿಸಿದಳು. ಹೊರಪೊರೆ ಮುಟ್ಟಿಲ್ಲ ಎನ್ನುವ ಸಾಲಿಗೆ ಬಂದಾಗ ಕೈ ನಿಂತಿತು. ಗಡ್ಡೆ ಎಲ್ಲಿದೆ ಎಂದು ಹೇಳಿದ ಮೇಲೆ ಎಲ್ಲಿಲ್ಲ ಎಂದು ಮತ್ತೆ ಯಾಕೆ ಹೇಳಬೇಕು ಎಂದುಕೊಂಡು ಅದನ್ನು ಬಿಟ್ಟಳು. ಗ್ರಂಥಿಗಳ ಸೊನ್ನೆಯನ್ನು ಮಾತ್ರ ಮುಟ್ಟಲು ಧೈರ್ಯ ಬರಲಿಲ್ಲ. ಅಂಕಿ ತಿದ್ದಿದರೆ ಯಾರಿಗಾದರೂ ಗೊತ್ತಾಗುತ್ತದೆ. ಎಲ್ಲ ಮುಗಿಸಿ ಒಂದು ಸಲ ಓದಿದಳು. ಯಾವ ಪದವನ್ನು ಹಿಡಿದು ಕೇಳಿದರೂ ಸಮರ್ಥಿಸಿಕೊಳ್ಳಬಹುದು ಅನ್ನಿಸಿತು. ಮೇಷ್ಟ್ರ ಕಡೆ ಕಳಿಸಿ, ಹೋಗಿ ಮುಖ ತೊಳೆದುಕೊಂಡು ಬಂದಳು.

ಮೇಷ್ಟ್ರು ವಿಜ್ಞಾನ ಕಲಿಸಿ ನಿವೃತ್ತರಾದವರು. ಕೆಲಸ ಮಾಡುವಾಗ ತುಟಿ ಅಲ್ಲಾಡಿಸುತ್ತ ಗೊಣಗುವುದು ಅವರ ಅಭ್ಯಾಸ. ಆ ದಿನ ಗೊಣಗಾಟ ನಡುವೆಯೇ ನಿಂತಿತು.

“ಏನಮ್ಮಾ ತಕ್ಕಡಿ, ಈ ಗಡ್ಡೆಗೆ ಹಲ್ಲು ಉಗುರು ಏನಾದ್ರೂ ಬಂದಿದೆಯಾ? ಗೋಡೆ ಸೀಳ್ಕೊಂಡು ಬಂತು ಅಂತೀಯಲ್ಲ!”

“ಇರೋದನ್ನ ಬರೆದಿದೀನಿ ಮೇಷ್ಟ್ರೇ. ನಿಮ್ಮ ಕೆಲಸ ನೀವು ಮಾಡಿ.”

“ಅಯ್ಯೋ ಮಾಡ್ತೀನಮ್ಮ, ನನಗ್ಯಾಕೆ ಅಂತೀಯಾ? ನಾನು ನಿನ್ನ ಕನ್ನಡಕ್ಕೆ ಬಾಲ ಅಷ್ಟೆ, ಅದು ಹೋದ ಕಡೆ ಹೋಗ್ತೀನಿ” ಎಂದು ಅವರು ಮತ್ತೆ ಗೊಣಗತೊಡಗಿದರು.

ಮಧ್ಯಾಹ್ನ ಪೆಥಾಲಜಿ ಮೇಡಂ ತಾವೇ ಕೆಳಗೆ ಬಂದರು. ಸಾಮಾನ್ಯವಾಗಿ ಫೋನಿನಲ್ಲೇ ಮುಗಿಸುವವರು. ಬಿಳಿ ಕೋಟಿನ ಜೇಬಿನಲ್ಲಿ ಪೆನ್ನು, ಕೈಯಲ್ಲಿ ಎರಡು ಹಾಳೆ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು.

“ಇದು ನಾನು ಬರೆದದ್ದು, ಟಿ ಮೂರು. ಇದು ನಿಮ್ಮ ಕನ್ನಡ ತಿರುಗಿ ಬಂದದ್ದು. ಗೋಡೆ ಸೀಳಿ ಹೊರಗೆ ಬಂದಿದೆ ಅಂದ್ರೆ ಹೊರಪೊರೆನೂ ಹೋಯ್ತು ಅಂತ ಅರ್ಥ, ಅದು ಟಿ ನಾಲ್ಕು. ಕೆಳಗೆ ನೀವೇ ಟಿ ಮೂರು ಅಂತ ಹಾಕಿದೀರಿ. ರೋಗಿ ಯಾವುದನ್ನ ನಂಬಬೇಕು? ಅಂಕಿ ಅವರಿಗೆ ಅರ್ಥ ಆಗಲ್ಲ, ‘ಸೀಳಿದೆ’ ಅನ್ನೋದು ಅರ್ಥ ಆಗತ್ತೆ. ಟಿ ನಾಲ್ಕಾದ್ರೆ ಕೀಮೋ ಮಾತೇ ಬೇರೆ, ಟಿ ಮೂರಾಗಿ ಗ್ರಂಥಿ ಸೊನ್ನೆ ಇದ್ರೆ ಎಷ್ಟೋ ಜನರನ್ನ ಕೀಮೋ ಇಲ್ಲದೆ ಬರೀ ಗಮನ ಇಟ್ಟು ನೋಡ್ತಾರೆ. ಈ ಮನುಷ್ಯ ಹೆದರಿ ಬೇಡದ್ದನ್ನ ಬೇಡಿ ತಗೊಂಡ್ರೆ?”

ಅವಳು ಎರಡೂ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡಳು.

“ಪದಗಳು ಹೋಗ್ಲಿ, ತಿದ್ದಬಹುದು” ಎಂದು ಮೇಡಂ ಹಾಳೆಯ ಮೇಲೆ ಪೆನ್ನಿನ ತುದಿ ಇಟ್ಟರು. “ಹೊರಪೊರೆ ಮುಟ್ಟಿಲ್ಲ ಅಂತ ನಾನು ಬರೆದ ಸಾಲು ಎಲ್ಲಿ? ಮೇಷ್ಟ್ರು ಬಿಟ್ರೋ ಅಂತ ನಿಮ್ಮ ಕನ್ನಡ ತೆಗೆಸಿ ನೋಡಿದೆ. ನೀವೇ ಬಿಟ್ಟಿದೀರಿ.”

ಬಿಟ್ಟಿದ್ದೀರಿ. ಆ ಒಂದು ಮಾತಿಗೆ ಅವಳ ಕಿವಿ ಬಿಸಿಯಾಯಿತು. ಇಷ್ಟು ವರ್ಷ ಭಾವನನ್ನು ಶಪಿಸಿದ್ದೇ ಆ ಮಾತಿನಿಂದ. ಅವನು ಬಿಟ್ಟದ್ದೂ ಒಂದು ಸಾಲು, ತಾನು ಬಿಟ್ಟದ್ದೂ ಒಂದು ಸಾಲು. ಅವನು ಏನೆಂದುಕೊಂಡು ಬಿಟ್ಟನೋ, ಅವನಿಗೂ ಆಗ ಇಂಥದ್ದೇ ಒಂದು ನೆಪ ಸಿಕ್ಕಿರಬೇಕು. ಅವನ ಥರ ಆಗಿಬಿಟ್ಟೆನಲ್ಲ ಎಂದು ಅವಳಿಗೆ ಅಸಹ್ಯವಾಯಿತು, ಆ ಅಸಹ್ಯಕ್ಕೂ ಅವನ ಮೇಲೇ ಸಿಟ್ಟು ಬಂತು.

“ಅವರು ನನ್ನ ಭಾವ” ಎಂದಳು. “ಸತ್ತ ಅಕ್ಕನ ಗಂಡ.”

ಮೇಡಂ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು. “ಹಾಗಾದ್ರೆ ಇದು ನಿಮ್ಮ ಮೇಜಿನ ಮೇಲೆ ಇರಲೇಬಾರದಿತ್ತು. ಮೇಷ್ಟ್ರು ಹೊಸದಾಗಿ ಕನ್ನಡ ಮಾಡಲಿ, ಇನ್ನೊಂದು ಶಾಖೆಯವರ ಕೈಲಿ ತಿರುಗಿಸಿ ನಾನೇ ನೋಡ್ತೀನಿ. ಅವರು ಬಂದಾಗ ನೀವು ಹೊರಗಿರಿ. ಮೇಲಿನವರಿಗೆ ನಾನು ಹೇಳಲೇಬೇಕಾಗತ್ತೆ.”

“ಹೇಳಿ” ಎಂದಳು. ಮೇಡಂ ಹೋದ ಮೇಲೆ ಮೇಷ್ಟ್ರು ಒಂದೇ ಒಂದು ತಮಾಷೆ ಮಾಡಲಿಲ್ಲ. ತಮ್ಮ ಫ್ಲಾಸ್ಕಿನ ಚಹಾ ಅವಳ ಲೋಟಕ್ಕೆ ಬಗ್ಗಿಸಿ, ಫೈಲು ಎತ್ತಿಕೊಂಡು ಹೋದರು.

ಭಾವ ಮತ್ತು ಮಗಳು ಬರುವ ದಿನ ಅವಳು ಹೊರಗೆ ಹೋಗಬೇಕೆಂದೇ ಇದ್ದಳು. ಚೀಲ ಹೆಗಲಿಗೇರಿಸಿ ಎದ್ದೂ ಆಗಿತ್ತು. ಅವರು ಹೊತ್ತಿಗೆ ಮೊದಲೇ ಬಂದುಬಿಟ್ಟರು. ಬಾಗಿಲಲ್ಲೇ ಎದುರುಬದುರು.

ಭಾವ ಇಷ್ಟು ಕುಗ್ಗಿರಬಹುದೆಂದು ಅವಳು ಎಣಿಸಿರಲಿಲ್ಲ. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣಗಾಗಿತ್ತು. ಮಡಿಸಿ ಮಡಿಸಿ ಗೆರೆ ಬಿದ್ದ ಇಂಗ್ಲಿಷ್ ರಿಪೋರ್ಟು ಕೈಯಲ್ಲಿತ್ತು. ಅವನ ತೋಳು ಹಿಡಿದುಕೊಂಡಿದ್ದ ಹುಡುಗಿಯ ಹಣೆ, ಹುಬ್ಬು ಎಲ್ಲ ಅಕ್ಕನದೇ.

“ಚಿಕ್ಕಮ್ಮಾ?” ಎಂದಳು ಹುಡುಗಿ. “ನೀವು ಇಲ್ಲೇ ಇದ್ದೀರಾ? ಇಷ್ಟು ದಿನ ಇಲ್ಲೇ ಇದ್ರಾ?”

“ಇಲ್ಲೇ ಇದೀನಿ ಕಂದ” ಎಂದಳು ತಕ್ಕಡಿ. “ಮೇಷ್ಟ್ರು ಓದಿ ಹೇಳ್ತಾರೆ. ನಾನು ಹೊರಗೆ ಇರ್ತೀನಿ.”

ಮೇಷ್ಟ್ರು ಕುರ್ಚಿ ಎಳೆದು ಕೊಟ್ಟರು. ಅವಳು ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಳು. ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಮೇಷ್ಟ್ರ ದನಿ ಪಾಠ ಹೇಳುವ ಹಾಗೆ ಒಂದೇ ಸಮ ಕೇಳುತ್ತಿತ್ತು. ಕ್ಯಾನ್ಸರ್ ಎಂಬ ಮಾತನ್ನೂ ಅದೇ ದನಿಯಲ್ಲಿ, ಅಂಚುಗಳು ರೋಗಮುಕ್ತ ಎಂಬ ಮಾತನ್ನೂ ಅದೇ ದನಿಯಲ್ಲಿ ಓದಿದರು. ಕೊಬ್ಬಿನೊಳಗೆ ಬೆಳೆದಿದೆ. ಹೊರಪೊರೆ ಮುಟ್ಟಿಲ್ಲ. ಹದಿನಾರು ಗ್ರಂಥಿಗಳಲ್ಲಿ ಒಂದರಲ್ಲೂ ಇಲ್ಲ. ಬೇರೆ ಕಡೆಯ ಮಾತು ಸ್ಕ್ಯಾನ್ ನೋಡಿ ಡಾಕ್ಟರು ಹೇಳುತ್ತಾರೆ.

ಓದಿ ಮುಗಿದ ಮೇಲೆ ಭಾವನ ದನಿ. “ಇಷ್ಟೇನಾ?”

“ಇಷ್ಟೇ ಸ್ವಾಮಿ.”

“ಇಲ್ಲಿ ಇನ್ವೇಡ್ಸ್ ಅಂತಿದೆ. ಅಂದ್ರೆ ದಾಳಿ ಅಲ್ವಾ? ನೀವು ಬೆಳೆದಿದೆ ಅಂದ್ರಿ.”

“ಅದು ಅವರ ವೃತ್ತಿಯ ಮಾತು. ಒಂದು ಪದರ ದಾಟಿ ಇನ್ನೊಂದಕ್ಕೆ ಬೆಳೀತು ಅಂತ.”

“ಮೆತ್ತಗೆ ಮಾಡ್ತಾ ಇದೀರಿ” ಎಂದ ಭಾವ. ಕುರ್ಚಿ ಕರ್ರೆಂದಿತು. “ನಂಗೊತ್ತು ಇದೆಲ್ಲ. ಒಳ್ಳೆಯವರೆಲ್ಲ ಮೆತ್ತಗೆ ಮಾಡಿ ಹೇಳ್ತಾರೆ. ಈ ಮಗಳೂ ನನಗಿಂತ ಮೊದ್ಲು ಡಾಕ್ಟ್ರ ಹತ್ರ ಮಾತಾಡಿ ಬಂದಿದಾಳೆ, ನಗ್ತಾ ನಗ್ತಾ ಬಂದಳು. ನಮ್ಮ ನಾದಿನೀನ ಕರೀರಿ. ಹೊರಗಿದಾಳಲ್ಲ, ಅವಳು ಓದಲಿ. ಅವಳಿಗೆ ನನ್ನ ಕಂಡ್ರೆ ಆಗಲ್ಲ. ಅವಳು ಮೆತ್ತಗೆ ಮಾಡಲ್ಲ.”

ಮೇಷ್ಟ್ರು, “ಅವರು ಈ ಫೈಲು ಮುಟ್ಟೋ ಹಾಗಿಲ್ಲ” ಎನ್ನುತ್ತಿರುವಾಗಲೇ ಅವಳು ಒಳಗೆ ಬಂದು ನಿಂತಳು. ಭಾವ ಎದ್ದು ನಿಂತು ಎರಡೂ ಹಾಳೆ ಅವಳ ಕಡೆ ಚಾಚಿದ. ಅವನ ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪಿತ್ತು. ಅವಳು ಹಿಂದೆ ಬೇಡಿಕೊಂಡಿದ್ದೆಲ್ಲ ಇದೇ ಅಲ್ಲವೇ, ಅವನು ನಿದ್ದೆಗೆಡಬೇಕು ಎಂದು? ನಿದ್ದೆಗೆಟ್ಟಿದ್ದ. ಚೆನ್ನಾಗಿತ್ತು.

ಅವಳು ಹಾಳೆ ಮುಟ್ಟಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತಳು.

“ಮೇಷ್ಟ್ರು ಓದಿದ್ದೇ ಸರಿ, ಭಾವ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿ ಇಲ್ಲ.”

“ಏನು ಬಿಟ್ಟಿದಾರೆ ಹೇಳು.”

“ಏನೂ ಬಿಟ್ಟಿಲ್ಲ.”

“ಗ್ರಂಥಿಗಳಲ್ಲಿ? ಹದಿನಾರು ಅಂತಿದೆಯಲ್ಲ?”

“ಹದಿನಾರು ನೋಡಿದಾರೆ. ಒಂದರಲ್ಲೂ ಇಲ್ಲ.”

“ಸುಳ್ಳು!” ಭಾವನ ದನಿ ಒಡೆಯಿತು. “ಹಾಗೆ ಇರಕ್ಕೆ ಸಾಧ್ಯನೇ ಇಲ್ಲ. ಆ ಸಾಲೇ ಬಿಡೋದು ಎಲ್ಲರೂ. ಅದೇ ಸಾಲು ನಾನೂ ಬಿಟ್ಟಿದ್ದೆ.”

ಭಾವನಿಗೆ ತಾನು ಏನು ಹೇಳಿದೆನೆಂದು ತಿಳಿದದ್ದು ಮಗಳ ಮುಖ ನೋಡಿದ ಮೇಲೆ.

“ಯಾವ ಸಾಲು ಅಪ್ಪ?” ಎಂದಳು ಹುಡುಗಿ. “ಯಾರದು?”

ಭಾವ ಕುಳಿತುಕೊಂಡ. ಹುಡುಗಿ ನಿಧಾನವಾಗಿ ಅವನ ತೋಳು ಬಿಟ್ಟು ತಕ್ಕಡಿಯ ಕಡೆ ತಿರುಗಿದಳು.

“ಚಿಕ್ಕಮ್ಮ, ಅಮ್ಮಂದಾ? ಅಮ್ಮನ ರಿಪೋರ್ಟಲ್ಲಿ ಏನಿತ್ತು?”

ವರ್ಷಗಟ್ಟಲೆ ಕಾದಿದ್ದ ಗಳಿಗೆ ಬಂದು ಎದುರಿಗೆ ನಿಂತಿತ್ತು. ಹೇಳಬೇಕಾದ ಬೈಗುಳಗಳೆಲ್ಲ ನಾಲಿಗೆ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಅವಳು ಒಂದನ್ನೂ ಹೊರಗೆ ಬಿಡಲಿಲ್ಲ. ಬಾಯಿಪಾಠವಾಗಿದ್ದ ಅಕ್ಕನ ವರದಿಯನ್ನು, ಮೇಷ್ಟ್ರು ಓದಿದ ದನಿಯಲ್ಲೇ, ಸಾಲು ಸಾಲಾಗಿ ಹೇಳಿದಳು.

“ಎಡ ಎದೆಯಲ್ಲಿ ಎರಡೂವರೆ ಸೆಂಟಿಮೀಟರಿನ ಗಡ್ಡೆ. ಕ್ಯಾನ್ಸರ್. ಗ್ರೇಡ್ ಒಂದು, ಅಂದ್ರೆ ಜೀವಕೋಶಗಳ ರೂಪ ಅಷ್ಟಾಗಿ ಕೆಟ್ಟಿರಲಿಲ್ಲ. ಅಂಚುಗಳಲ್ಲಿ ರೋಗ ಇರಲಿಲ್ಲ. ಕಂಕುಳಿನ ಹದಿನಾಲ್ಕು ಗ್ರಂಥಿಗಳಲ್ಲಿ ಐದರಲ್ಲಿ ಇತ್ತು. ಹಂತ ಮೂರು. ಡಾಕ್ಟ್ರು ಕೀಮೋ ಬೇಕು ಅಂದಿದ್ರು. ನಿಮ್ಮಪ್ಪ ನಿಮ್ಮಮ್ಮನಿಗೆ ಒಂದನೇ ಹಂತ ಅಂತ ಹೇಳಿದ್ರು. ಕೀಮೋ ಬೇಕಾಗಿಲ್ಲ ಅಂತ ಹೇಳಿದ್ರು. ಡಾಕ್ಟ್ರಿಗೆ, ಅವಳೇ ಒಪ್ತಾ ಇಲ್ಲ ಅಂತ ಹೇಳಿದ್ರು.”

ಹುಡುಗಿ ಅಪ್ಪನ ಕಡೆ ನೋಡಿದಳು. ಭಾವ ನೆಲ ನೋಡುತ್ತ, “ಹೆದರಿಬಿಟ್ಟಿದ್ದೆ ಮಗಳೇ” ಎಂದ. “ಹೇಳಿದ್ರೆ ಅಲ್ಲೇ ಕುಸಿದುಬಿಡ್ತಾಳೆ ಅಂತ. ನೀನು ಚಿಕ್ಕವಳು. ಅವಳು ಹಾಸಿಗೆ ಹಿಡಿದ್ರೆ ಮನೆಯಲ್ಲಿ...” ಎಂದು ಅರ್ಧಕ್ಕೆ ನಿಲ್ಲಿಸಿದ.

“ಚಿಕ್ಕಮ್ಮ” ಎಂದಳು ಹುಡುಗಿ, ಅವನ ಮಾತು ಕೇಳಿಸದವಳಂತೆ. “ಆ ಕೀಮೋ ತಗೊಂಡಿದ್ರೆ ಅಮ್ಮ ಬದುಕ್ತಿದ್ರಾ?”

ಹೌದು ಎಂದುಬಿಡು! ಬದುಕೇ ಬದುಕುತ್ತಿದ್ದಳು, ಇವನೇ ಕೊಂದ ಎಂದುಬಿಡು! ಅವಳ ಒಳಗಿದ್ದದ್ದೆಲ್ಲ ಒಂದೇ ಸಮ ಕೂಗಿತು. ಒಂದೇ ಪದ ಸಾಕಿತ್ತು, ಆ ಹುಡುಗಿ ಈ ಜನ್ಮದಲ್ಲಿ ಅಪ್ಪನ ಮುಖ ನೋಡುತ್ತಿರಲಿಲ್ಲ. ಆ ಪದ ಅಕ್ಕನ ವರದಿಯಲ್ಲಿ ಇರಲಿಲ್ಲ. ಯಾವ ವರದಿಯಲ್ಲೂ ಇರುವುದಿಲ್ಲ. ಇಲ್ಲದ್ದನ್ನು ಸೇರಿಸಿದರೆ ತಾನೂ ಅವನೂ ಮತ್ತೆ ಒಂದೇ.

“ಗೊತ್ತಿಲ್ಲ ಕಂದ” ಎಂದಳು. “ಬದುಕ್ತಿದ್ದಳು ಅಂತ ಯಾರೂ ಹೇಳಕ್ಕಾಗಲ್ಲ.”

ಭಾವ ತಲೆ ಎತ್ತಿದ. ಮುಳುಗುವವನಿಗೆ ಹಗ್ಗ ಸಿಕ್ಕ ಹಾಗೆ ಅವನ ಕಣ್ಣು ಅರಳಿತು. ಅವಳು ಅದನ್ನು ನೋಡಿದಳು, ನೋಡುತ್ತಲೇ ಉಳಿದದ್ದನ್ನೂ ಹೇಳಿದಳು.

“ಬದುಕೋ ಅವಕಾಶ ಮಾತ್ರ ಹೆಚ್ಚಿರ್ತಿತ್ತು. ಎಷ್ಟೋ ಜನ ಆ ಹಂತದಲ್ಲಿ ಚಿಕಿತ್ಸೆ ತಗೊಂಡು ಬದುಕಿದಾರೆ. ನಿಮ್ಮಮ್ಮ ಆ ಅವಕಾಶ ಬೇಡ ಅಂದಿದ್ದಲ್ಲ. ಇದೆ ಅಂತಾನೇ ಅವಳಿಗೆ ಗೊತ್ತಿರಲಿಲ್ಲ.”

ಭಾವನ ಕಣ್ಣು ಮತ್ತೆ ನೆಲಕ್ಕೆ ಬಿತ್ತು. ಬೈದಿದ್ದರೆ ಅವನು ತಿರುಗಿ ಬೈಯುತ್ತಿದ್ದ, ಕೊಂದೆ ಎಂದಿದ್ದರೆ ಇಲ್ಲ ಎಂದು ಕೂಗಾಡುತ್ತಿದ್ದ. ಈ ಮಾತಿನಲ್ಲಿ ಹಿಡಿದು ಎಳೆದಾಡಲು ಅವನಿಗೆ ಒಂದು ಎಳೆಯೂ ಸಿಗಲಿಲ್ಲ. ಅದನ್ನು ನೋಡಿ ಅವಳಿಗೆ ಕರುಣೆ ಬಂತೇ ಎಂದರೆ, ಇಲ್ಲ, ಬರಲಿಲ್ಲ.

ಹುಡುಗಿ ಅತ್ತಳು, ಬಹಳ ಹೊತ್ತೇನಲ್ಲ. ಕಣ್ಣು ಒರೆಸಿಕೊಂಡು ಮೇಷ್ಟ್ರ ಕನ್ನಡ ಹಾಳೆಯನ್ನೂ ಇಂಗ್ಲಿಷ್ ಹಾಳೆಯನ್ನೂ ಜೋಡಿಸಿ ಚೀಲಕ್ಕೆ ಹಾಕಿಕೊಂಡಳು.

“ಏಳಿ, ಡಾಕ್ಟ್ರು ಕಾಯ್ತಿರ್ತಾರೆ.”

“ನೀನು ಹೊರಗೆ ಕೂತ್ಕೋ ಮಗಳೇ, ನಾನೇ ಹೋಗಿ ಕೇಳ್ತೀನಿ.”

“ಇಲ್ಲ ಅಪ್ಪ. ಒಳಗೆ ನಾನೂ ಬರ್ತೀನಿ. ಅವರು ಏನು ಹೇಳ್ತಾರೋ ಅದೆಲ್ಲ ನಿಮಗೆ ಹೇಳ್ತೀನಿ. ನಿಮ್ಮನ್ನ ಬಿಟ್ಟು ಹೋಗಲ್ಲ. ಆದ್ರೆ ನೀವು ಅಮ್ಮನ ವಿಷಯ ಇನ್ನು ನನ್ನ ಹತ್ರ ಮಾತಾಡಬೇಡಿ. ಅದನ್ನ ನಾನು ಚಿಕ್ಕಮ್ಮನ ಹತ್ರ ಕೇಳ್ಕೋತೀನಿ.”

ಭಾವ ಎದ್ದ. ಮಗಳು ತೋಳು ಹಿಡಿಯಲಿಲ್ಲ, ಎರಡು ಹೆಜ್ಜೆ ಮುಂದೆ ನಡೆದಳು. ಬಾಗಿಲ ಬಳಿ ಅವನು ನಿಂತು ತಕ್ಕಡಿಯ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಭಯ.

“ನಿಜವಾಗ್ಲೂ ಒಂದರಲ್ಲೂ ಇಲ್ವಾ?”

“ಒಂದರಲ್ಲೂ ಇಲ್ಲ, ಭಾವ.”

ಅವನು ನಂಬಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ಇನ್ನು ಮುಂದೆ ಯಾರು ಏನು ಓದಿ ಹೇಳಿದರೂ ಅವನು ನಂಬುವವನಲ್ಲ. ಇನ್ನೊಂದು ಸಲ ಹೇಳು ಎನ್ನುವಂತೆ ಅಲ್ಲೇ ನಿಂತಿದ್ದ. ಅವಳು ಹೇಳಬೇಕಾದದ್ದನ್ನು ಹೇಳಿ ಆಗಿತ್ತು, ಮತ್ತೆ ಹೇಳಲಿಲ್ಲ.